ಕ್ಲೇಮ್ ತಿರಸ್ಕರಿಸಿದ ಪತ್ರ ಬಂದರೆ ಏನು ಮಾಡಬೇಕು?

ಹೀಗೊಂದು ಪ್ರಕರಣ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಶಿಕ್ಷಕಿಯೊಬ್ಬರ ಕಾರನ್ನು ಅವರ ತಂಗಿಯ ಮಗ ರಾತ್ರಿ ಓಡಿಸಿಕೊಂಡು ಬರುತ್ತಿದ್ದ. ಎಮ್ಮೆ ಅಡ್ಡ ಬಂದು ಬಾನೆಟ್, ರೇಡಿಯೇಟರ್ ಜಜ್ಜಿಹೋದವು. ಅದೇ ವಾರ ತಾಯಿ ಆಸ್ಪತ್ರೆಯಲ್ಲಿದ್ದುದರಿಂದ ಶಿಕ್ಷಕಿ ವಿಮಾ ಕಂಪನಿಗೆ ತಿಳಿಸಿದ್ದು ಆರು ದಿನಗಳ ನಂತರ. ರಿಪೇರಿ ಅಂದಾಜು 86,000 ರೂಪಾಯಿ. ಕೊನೆಗೆ ಬಂದ ಪತ್ರದಲ್ಲಿ ಎರಡು ಸಾಲು: ‘ತಡವಾಗಿ ಮಾಹಿತಿ ನೀಡಿದ್ದೀರಿ. ಚಾಲಕನ ಹೆಸರು ಪಾಲಿಸಿಯಲ್ಲಿಲ್ಲ.’

ಇಷ್ಟಕ್ಕೇ ಕೈಚೆಲ್ಲಬೇಕಿಲ್ಲ. ಮೊದಲು ಪಾಲಿಸಿ ಶೆಡ್ಯೂಲ್ ತೆಗೆದು ಚಾಲಕನ ಷರತ್ತು ಇರುವ ಸಾಲು ಹುಡುಕಿ. ನಮ್ಮ ದೇಶದ ಸಾಮಾನ್ಯ ಖಾಸಗಿ ಕಾರು ಪಾಲಿಸಿಯಲ್ಲಿ ಚಾಲಕರ ಪಟ್ಟಿಯೇ ಇರುವುದಿಲ್ಲ. ಮಾಲೀಕರೂ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಡಿಎಲ್ ಚಾಲ್ತಿಯಲ್ಲಿರಬೇಕು, ಅವರು ಅನರ್ಹಗೊಂಡಿರಬಾರದು ಎಂದಷ್ಟೇ ಅಲ್ಲಿರುತ್ತದೆ. ಗೊಂದಲ ಹುಟ್ಟುವುದು ಅದೇ ಹಾಳೆಯ ‘ಓನರ್-ಡ್ರೈವರ್’ ಎಂಬ ಸಾಲಿನಿಂದ. ಅದು ಮಾಲೀಕರ ಸಾವು ಅಥವಾ ಅಂಗವೈಕಲ್ಯಕ್ಕೆ ಕೊಡುವ 15 ಲಕ್ಷ ರೂಪಾಯಿ ವೈಯಕ್ತಿಕ ಅಪಘಾತ ವಿಮೆಗೆ ಸೇರಿದ್ದು. ಕಾರಿನ ಹಾನಿಗೂ ಅದಕ್ಕೂ ಸಂಬಂಧವಿಲ್ಲ. ಹುಡುಗನ ಡಿಎಲ್ ಸರಿಯಿದ್ದರೆ ಈ ಕಾರಣ ನಿಲ್ಲುವುದಿಲ್ಲ. ಶೆಡ್ಯೂಲಿನಲ್ಲೇ ಇಂತಿಂಥವರು ಮಾತ್ರ ಓಡಿಸಬೇಕೆಂದು ಬರೆದಿದ್ದರೆ ಅಥವಾ ಡಿಎಲ್ ಅವಧಿ ಮುಗಿದಿದ್ದರೆ ಮಾತ್ರ ನಿಮ್ಮ ದಾರಿ ಕಷ್ಟದ್ದು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ‘ಓಡಿಸಿದ್ದು ನಾನೇ ಅಂತ ಬರೆದುಬಿಡಿ’ ಎಂದು ಗ್ಯಾರೇಜಿನಲ್ಲೋ ಏಜೆಂಟರೋ ಹೇಳಿದರೆ ಕೇಳಬೇಡಿ. ಪೊಲೀಸ್ ದಾಖಲೆ, ಟೋಯಿಂಗ್ ರಸೀದಿ, ಫೋನ್ ಕರೆಗಳ ವಿವರ ಬೇರೆಯದನ್ನೇ ಹೇಳಿದರೆ ಸಿಗಬಹುದಾಗಿದ್ದ ಹಣವೂ ‘ಸುಳ್ಳು ಮಾಹಿತಿ’ ಎಂಬ ಕಾರಣಕ್ಕೆ ಕೈತಪ್ಪುತ್ತದೆ.

ಇನ್ನು ತಡದ ಮಾತು. ಅಪಘಾತವಾದ ಕೂಡಲೇ ಲಿಖಿತವಾಗಿ ತಿಳಿಸಬೇಕೆಂಬ ಷರತ್ತು ಪಾಲಿಸಿಯಲ್ಲಿದೆ, ನಿಜ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದು ಕಂಪನಿಗಳಿಗೆ ಸುತ್ತೋಲೆ ಹೊರಡಿಸಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಕ್ಲೇಮ್ ತಳ್ಳಿಹಾಕಬಾರದು, ಸಕಾಲದಲ್ಲಿ ತಿಳಿಸಿದ್ದರೂ ಅದು ತಿರಸ್ಕಾರವಾಗುತ್ತಿತ್ತೇ ಎಂದು ನೋಡಬೇಕು ಎಂದಿತು. ಸುಪ್ರೀಂ ಕೋರ್ಟ್ 2017ರ ಓಂ ಪ್ರಕಾಶ್ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ, ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸಲು ತಡವಾದದ್ದೊಂದೇ ತಿರಸ್ಕಾರಕ್ಕೆ ಸಾಲದು ಎಂದಿತು. ಇವೆರಡೂ ವಾಹನ ಕಳವಿನ ಪ್ರಕರಣಗಳು ಎಂಬುದು ನೆನಪಿರಲಿ. ಅಪಘಾತದಲ್ಲಿ ಕಂಪನಿ ಕೇಳುವ ಪ್ರಶ್ನೆಯೇ ಬೇರೆ: ಹಾನಿಯನ್ನು ನಮ್ಮ ಸರ್ವೇಯರ್ ನೋಡಲು ಆಯಿತೇ? ಕಾರು ಜಜ್ಜಿದ ಸ್ಥಿತಿಯಲ್ಲೇ ಗ್ಯಾರೇಜಿನಲ್ಲಿದ್ದರೆ ನಿಮ್ಮ ವಾದ ಗಟ್ಟಿ. ಸರ್ವೆಗೆ ಮೊದಲೇ ರಿಪೇರಿ ಮುಗಿಸಿ ಹಳೆಯ ಭಾಗಗಳನ್ನು ಗುಜರಿಗೆ ಹಾಕಿದ್ದರೆ ಸುತ್ತೋಲೆ ತೋರಿಸಿದರೂ ಗೆಲ್ಲುವುದು ಕಷ್ಟ.

ಮುಂದಿನ ಹೆಜ್ಜೆ ಪತ್ರ. ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಶಿಕ್ಷಕಿಯ ಪತ್ರ ಹೀಗಿರಬಹುದು: ‘ಚಾಲಕನ ಡಿಎಲ್ ಅಪಘಾತದ ದಿನ ಚಾಲ್ತಿಯಲ್ಲಿತ್ತು. ಚಾಲಕನ ಷರತ್ತಿನ ಯಾವ ಭಾಗ ಉಲ್ಲಂಘನೆಯಾಗಿದೆ ತಿಳಿಸಿ. ಆರು ದಿನಗಳ ತಡಕ್ಕೆ ತಾಯಿಯ ಆಸ್ಪತ್ರೆ ದಾಖಲೆ ಲಗತ್ತಿಸಿದ್ದೇನೆ. ಈ ತಡದಿಂದ ಹಾನಿ ಪರಿಶೀಲಿಸಲು ನಿಮಗಾದ ತೊಂದರೆ ಏನು?’ ಜೊತೆಗೆ ಡಿಎಲ್ ಪ್ರತಿ, ಆ ರಾತ್ರಿಯ ಫೋಟೊಗಳು, ಟೋಯಿಂಗ್ ರಸೀದಿ. ಕೋಪ ಎಷ್ಟಿದ್ದರೂ ಪತ್ರ ಒಂದು ಪುಟ ಮೀರದಿರಲಿ. ದೂರನ್ನು bimabharosa.irdai.gov.in ನಲ್ಲಿಯೂ ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, cioins.co.in ಮೂಲಕವೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತಿರಸ್ಕಾರದ ನಂತರ ಒಂದು ವರ್ಷದೊಳಗೆ ಹೋಗಬೇಕು. 86,000 ರೂಪಾಯಿಯ ಇಂಥ ವ್ಯಾಜ್ಯಕ್ಕೆ ನನ್ನ ಆಯ್ಕೆ ಇದೇ. ಲೋಕಪಾಲರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ.

ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ಎರಡು ವರ್ಷದವರೆಗೆ ತೆರೆದಿರುತ್ತದೆ. ಅಲ್ಲಿ ಮಾನಸಿಕ ಹಿಂಸೆಗೆ ಪರಿಹಾರವನ್ನೂ ಕೇಳಬಹುದು. ಆದರೆ ಅದೇ ವಿಷಯ ಆಯೋಗದಲ್ಲಿದ್ದರೆ ಲೋಕಪಾಲರು ದೂರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮೊದಲು ಲೋಕಪಾಲರು, ಬೇಕಾದರೆ ನಂತರ ಆಯೋಗ.

ಅಲ್ಲಿಯವರೆಗೆ ಕಾರು ನಿಲ್ಲಿಸಿಕೊಂಡು ಕೂರಲಾಗದು. ಸರ್ವೆ ಮುಗಿದಿದ್ದರೆ ಮುಂದುವರಿಯುವುದಾಗಿ ಕಂಪನಿಗೆ ಇಮೇಲ್ ಕಳಿಸಿ, ಜಿಎಸ್‌ಟಿ ಬಿಲ್ ಪಡೆದು ರಿಪೇರಿ ಮಾಡಿಸಿ. ಒಡೆದ ರೇಡಿಯೇಟರ್ ಮಾತ್ರ ಪ್ರಕರಣ ಮುಗಿಯುವ ತನಕ ಮನೆಯ ಮೂಲೆಯಲ್ಲಿರಲಿ.