ರಿಕ್ರೂಟರ್ ಮೆಸೇಜ್ ಬಂತು, ಏನಂತ ಉತ್ತರ ಬರೆಯುವುದು?

ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪ್ ಒಂದರಲ್ಲಿ ನಾಲ್ಕು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವ ಹುಡುಗನ ವಾಟ್ಸ್‌ಆ್ಯಪಿಗೆ ಒಂದು ಮೆಸೇಜ್ ಬಂತು ಅಂದುಕೊಳ್ಳಿ. ‘ಪುಣೆಯ ಹೆಸರಾಂತ ಆಟೊ ಬಿಡಿಭಾಗ ಕಂಪನಿಗೆ ಕ್ವಾಲಿಟಿ ಇಂಜಿನಿಯರ್ ಬೇಕಾಗಿದ್ದಾರೆ. ಅನುಭವ ಮೂರರಿಂದ ಆರು ವರ್ಷ. ಸಿವಿ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್, ಜನ್ಮದಿನಾಂಕ, ಪ್ಯಾನ್ ನಂಬರ್ ಕಳಿಸಿ.’ ಹತ್ತು ನಿಮಿಷದಲ್ಲಿ ಅವನು ಕೇಳಿದ್ದೆಲ್ಲವನ್ನೂ ಕಳಿಸಿಬಿಡುತ್ತಾನೆ. ಕಂಪನಿ ಯಾವುದು, ಕೆಲಸ ಏನು, ಅವನಿಗೆ ಇನ್ನೂ ಗೊತ್ತಿಲ್ಲ. ಎಡವಟ್ಟಾಗುವುದು ಇಲ್ಲೇ.

ಮೊದಲು, ಕಳಿಸಿದವರು ಯಾರು? ಹೆಸರು, ಕನ್ಸಲ್ಟೆನ್ಸಿ, ಅವರ ಕಂಪನಿ ಹೆಸರಿನ ಇಮೇಲ್, ಇಷ್ಟು ಸಿಕ್ಕರೆ ಮುಂದುವರಿಯಿರಿ. ‘ರಿಜಿಸ್ಟ್ರೇಶನ್ ಫೀ’, ‘ಗೇಟ್ ಪಾಸ್ ಡಿಪಾಸಿಟ್’ ಅಂತ ಒಂದು ರೂಪಾಯಿ ಕೇಳಿದರೂ ಮಾತು ಅಲ್ಲಿಗೇ ಮುಗಿಸಿ. ನಿಜವಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ. ಒಬ್ಬರನ್ನು ಸೇರಿಸಿದ್ದಕ್ಕೆ ವಾರ್ಷಿಕ ಸಿಟಿಸಿಯ 8.33%, ಅಂದರೆ ಸುಮಾರು ಒಂದು ತಿಂಗಳ ಸಂಬಳ, ಕೊಡುವುದು ನಮ್ಮಲ್ಲಿ ಸಾಮಾನ್ಯ ರೂಢಿ.

ಎರಡನೆಯದು, ಆಸಕ್ತಿಯ ಸಾಲು. ಮೆಸೇಜ್ ಲಿಂಕ್ಡ್‌ಇನ್‌ನಂಥ ಆ್ಯಪಿನಲ್ಲಿ ಬಂದರೆ, ಅದು ತಾನೇ ಮುಂದಿಡುವ ‘ಹೌದು, ಆಸಕ್ತಿ ಇದೆ’ ಗುಂಡಿಯನ್ನು ಒತ್ತಬೇಡಿ. ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಆಸಕ್ತಿ ಇದೆ ಎಂದು ಬರೆದು, ಆ ಹುದ್ದೆಗೆ ಹೊಂದುವ ನಿಮ್ಮ ಒಂದೇ ಕೆಲಸವನ್ನು ಹೇಳಿ: ವಿಎಂಸಿ ಲೈನಿನಲ್ಲಿ ಇನ್‌ಪ್ರೊಸೆಸ್ ಇನ್‌ಸ್ಪೆಕ್ಷನ್, ನಾಲ್ಕು ವರ್ಷ. ಸಾಕು. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುವಾಗಿ ಮನೆಯ ಕಷ್ಟದವರೆಗೆ ಹೋಗುವ ಅರ್ಜಿಯನ್ನು ರಿಕ್ರೂಟರ್ ಓದುವುದಿಲ್ಲ. ಉತ್ತರ ಅದೇ ದಿನ ಹೋಗಲಿ, ಆದರೆ ಕಂಪನಿ ಕಂಪ್ಯೂಟರಿನಿಂದ ಬೇಡ.

ಮೂರನೆಯದು, ಪ್ರಶ್ನೆಗಳು. ಇಲ್ಲಿ ನಿಧಾನಿಸಿ. ನಾಲ್ಕೇ ಪ್ರಶ್ನೆ ಕೇಳಿ, ಒಂದೊಂದನ್ನೂ ಅಡ್ಡಗೋಡೆಯ ಮೇಲೆ ದೀಪ ಇಡಲು ಬಾರದ ಹಾಗೆ ಕೇಳಿ.

ಕಂಪನಿ ಯಾವುದು, ಪ್ಲ್ಯಾಂಟ್ ಎಲ್ಲಿ? ಪುಣೆ ಅಂದರೆ ಚಾಕಣವೂ ಹೌದು, ರಾಂಜಣಗಾಂವವೂ ಹೌದು. ಮನೆ ಎಲ್ಲಿ ಹಿಡಿಯಬೇಕು, ಕಂಪನಿ ಬಸ್ ಬರುತ್ತದೋ ಇಲ್ಲವೋ ಎಲ್ಲ ಅದರ ಮೇಲೆ ನಿಂತಿದೆ. ಕಂಪನಿ ಹೆಸರು ಬೇಕಾಗುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಒಂದೇ ಹುದ್ದೆಗೆ ಎರಡು ಮೂರು ಕನ್ಸಲ್ಟೆನ್ಸಿಗಳು ಹುಡುಕುತ್ತಿರುತ್ತವೆ. ನೀವು ಹೆಸರು ಕೇಳದೆ ಇಬ್ಬರಿಗೂ ಸಿವಿ ಕೊಟ್ಟರೆ ಅದು ಒಂದೇ ಎಚ್‌ಆರ್ ಮುಂದೆ ಎರಡು ದಾರಿಯಿಂದ ಹೋಗುತ್ತದೆ. ಕಮಿಷನ್ ಯಾರಿಗೆ ಎಂಬ ತಕರಾರು ತಮಗೇಕೆಂದು ಎಷ್ಟೋ ಎಚ್‌ಆರ್‌ಗಳು ಆ ಸಿವಿಯನ್ನೇ ಬದಿಗಿಡುತ್ತಾರೆ. ನಿಮಗೆ ಕಾರಣ ಯಾರೂ ಹೇಳುವುದಿಲ್ಲ. ಹೆಸರು ಹೇಳಿದರೆ ನೀವು ನೇರವಾಗಿ ಅರ್ಜಿ ಹಾಕುತ್ತೀರಿ ಎಂಬ ಅಂಜಿಕೆ ರಿಕ್ರೂಟರಿಗೂ ಇರುತ್ತದೆ. ಮೆಸೇಜಿನಲ್ಲಿ ಬರೆಯಲು ಹಿಂಜರಿದರೆ ಫೋನಿನಲ್ಲಾದರೂ ಹೇಳಲಿ. ಹೆಸರು ತಿಳಿಯುವ ತನಕ ಸಿವಿ ಕಳಿಸಬೇಡಿ.

ಯಾರ ಪೇರೋಲ್? ‘ದೊಡ್ಡ ಕಂಪನಿ’ ಎಂದು ಕರೆದು, ಸೇರುವ ದಿನ ಬೇರೊಬ್ಬ ಕಾಂಟ್ರ್ಯಾಕ್ಟರ್ ಹೆಸರಿನ ಪತ್ರ ಕೈಗಿಡುವುದುಂಟು. ‘ಪರ್ಮನೆಂಟಾ?’ ಎಂದರೆ ‘ಹೌದು’ ಎಂಬ ಉತ್ತರ ಸುಲಭ. ‘ಅಪಾಯಿಂಟ್‌ಮೆಂಟ್ ಲೆಟರ್ ಯಾವ ಕಂಪನಿ ಹೆಸರಿನಲ್ಲಿ ಬರುತ್ತದೆ?’ ಎಂದು ಕೇಳಿ.

ಕೆಲಸ ಏನು? ಕ್ವಾಲಿಟಿ ಇಂಜಿನಿಯರ್ ಎಂಬ ಒಂದೇ ಹಣೆಪಟ್ಟಿಯಡಿ ಲೈನಿನಲ್ಲಿ ನಿಂತು ಗೇಜ್ ಹಿಡಿಯುವವರೂ ಇರುತ್ತಾರೆ, ಗ್ರಾಹಕರ ದೂರಿಗೆ ‘ಎಯ್ಟ್ ಡಿ’ ರಿಪೋರ್ಟ್ ಬರೆಯುವವರೂ ಇರುತ್ತಾರೆ, ವಾರಪೂರ್ತಿ ಸಪ್ಲಾಯರ್ ಫೌಂಡ್ರಿಗಳನ್ನು ಸುತ್ತುವವರೂ ಇರುತ್ತಾರೆ. ‘ಜಾಬ್ ಡಿಸ್ಕ್ರಿಪ್ಶನ್ ಕಳಿಸಿ’ ಎಂದರೆ ಎಲ್ಲಿಂದಲೋ ಕಾಪಿ ಹೊಡೆದ ಎರಡು ಪುಟ ಬರುತ್ತದೆ. ಅದರ ಬದಲು ಆಯ್ಕೆ ಕೊಟ್ಟು ಕೇಳಿ: ಇದು ಲೈನ್ ಇನ್‌ಸ್ಪೆಕ್ಷನ್ನೋ, ಕಸ್ಟಮರ್ ಕ್ವಾಲಿಟಿಯೋ, ಸಪ್ಲಾಯರ್ ಕ್ವಾಲಿಟಿಯೋ? ಶಿಫ್ಟ್ ಎಷ್ಟು?

ಬಜೆಟ್ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು? ಬರೀ ಸಿಟಿಸಿ ಕೇಳಿ ಹಿಗ್ಗಬೇಡಿ. ಆರು ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 50,000 ಅಲ್ಲ. ಬೇಸಿಕ್ 25,000, ವೇರಿಯಬಲ್ 10% ಇದೆ ಎನ್ನಿ. ವೇರಿಯಬಲ್ 5,000, ಕಂಪನಿ ಕಟ್ಟುವ ಪಿಎಫ್ 3,000, ಗ್ರಾಚ್ಯುಟಿ (ಬೇಸಿಕ್‌ನ 4.81%) ಸುಮಾರು 1,200, ಇವೆಲ್ಲ ಆ 50,000ದ ಒಳಗೇ ಇರುತ್ತವೆ. ಉಳಿದ 40,800ರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ಪ್ರೊಫೆಷನಲ್ ಟ್ಯಾಕ್ಸ್ 200 ಹೋದರೆ ಕೈಗೆ ಬರುವುದು 37,600ರ ಆಸುಪಾಸು. ಪುಣೆಯ ಬಾಡಿಗೆ ಕಟ್ಟಬೇಕಾದದ್ದು ಇದರಲ್ಲೇ.

ನಾಲ್ಕನೆಯದು, ಹೇಳದೆ ಇಟ್ಟುಕೊಳ್ಳುವುದು. ಪ್ಯಾನ್, ಆಧಾರ್, ಜನ್ಮದಿನಾಂಕ, ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲ ಮೆಸೇಜಿಗೆ ಬೇಕಿಲ್ಲ. ಸ್ಲಿಪ್ ಆಫರ್ ಹೊತ್ತಿಗೆ, ಪ್ಯಾನ್ ಸೇರುವ ಹೊತ್ತಿಗೆ. ಒಂದೇ ಸಿವಿ ಎರಡು ಸಲ ಹೋಗದಿರಲು ಪ್ಯಾನ್ ಬೇಕೆಂದು ಕೆಲವರು ಹೇಳುತ್ತಾರೆ. ಆ ಕೆಲಸಕ್ಕೆ ಇಮೇಲ್, ಫೋನ್ ನಂಬರ್ ಸಾಲುತ್ತವೆ. ಸುಪರ್‌ವೈಸರ್ ಕಿರಿಕಿರಿ, ಮನೆ ಸಾಲದ ಇಎಂಐ, ಲಗ್ನದ ಗಡಿಬಿಡಿ ಯಾವುದೂ ಬೇಡ. ಇಎಂಐ ಬಗ್ಗೆ ಬರೆದರೆ ನೀವು ಕಡಿಮೆಗೂ ಒಪ್ಪುತ್ತೀರಿ ಎಂದು ಎದುರಿನವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಈಗಿನ ಸಂಬಳ? ಬಜೆಟ್ ಗೊತ್ತಾದ ಮೇಲೆ ಹೇಳಿ, ಹೇಳಿದರೆ ನಿಜವನ್ನೇ ಹೇಳಿ. ಉಬ್ಬಿಸಿ ಹೇಳಿದ್ದು ಸ್ಲಿಪ್ ಕೇಳಿದ ದಿನ ಸಿಕ್ಕಿಬೀಳುತ್ತದೆ. ನೋಟಿಸ್ ಪೀರಿಯಡ್ ಮಾತ್ರ ಮುಚ್ಚಿಡಬೇಡಿ. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ 60 ದಿನ ಇದ್ದರೆ 60 ಎಂದೇ ಬರೆಯಿರಿ. ‘ಇಮಿಡಿಯೇಟ್ ಜಾಯ್ನರ್’ ಎಂದು ಬರೆದು ಆಮೇಲೆ ರಿಲೀವಿಂಗ್ ಲೆಟರ್ ಇಲ್ಲದೆ ಪರದಾಡುವವರು ಬಹಳ.

ಎಲ್ಲ ಸೇರಿಸಿದರೆ ಉತ್ತರ ಹೀಗಾಗುತ್ತದೆ. ಇಂಗ್ಲಿಷಿನಲ್ಲಿ ಬರೆದರೂ ಇದೇ ಕ್ರಮ, ಇದಕ್ಕಿಂತ ಉದ್ದ ಬೇಡ:

> ನಮಸ್ಕಾರ ಮೇಡಂ. ಈ ಹುದ್ದೆಯಲ್ಲಿ ಆಸಕ್ತಿ ಇದೆ. ಬೆಳಗಾವಿಯ ಮಷಿನ್ ಶಾಪಿನಲ್ಲಿ ನಾಲ್ಕು ವರ್ಷದಿಂದ ವಿಎಂಸಿ ಲೈನಿನ ಇನ್‌ಪ್ರೊಸೆಸ್ ಇನ್‌ಸ್ಪೆಕ್ಷನ್ ನೋಡುತ್ತಿದ್ದೇನೆ. ನೋಟಿಸ್ 60 ದಿನ. ಸಿವಿ ಕಳಿಸುವ ಮೊದಲು ನಾಲ್ಕು ವಿಷಯ ತಿಳಿಸಿ:
> 1. ಕಂಪನಿ ಯಾವುದು, ಪ್ಲ್ಯಾಂಟ್ ಎಲ್ಲಿ?
> 2. ಅಪಾಯಿಂಟ್‌ಮೆಂಟ್ ಲೆಟರ್ ಯಾರ ಹೆಸರಿನಲ್ಲಿ?
> 3. ಕೆಲಸ ಲೈನ್, ಕಸ್ಟಮರ್, ಸಪ್ಲಾಯರ್ ಕ್ವಾಲಿಟಿಯಲ್ಲಿ ಯಾವುದು? ಶಿಫ್ಟ್ ಹೇಗೆ?
> 4. ಬಜೆಟ್ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು?
>
> ಸಂಜೆ 6.30ರ ನಂತರ ಫೋನ್ ಮಾಡಬಹುದು. ನನ್ನನ್ನು ಕೇಳದೆ ಸಿವಿಯನ್ನು ಬೇರೆ ಕಂಪನಿಗೆ ಕಳಿಸಬೇಡಿ.

ಕೊನೆಯ ಸಾಲನ್ನು ಉದ್ಯಮಬಾಗ, ಮಚ್ಛೆ ಕಡೆಯವರು ಬಿಡಲೇಬಾರದು. ಇಲ್ಲಿ ಒಂದು ಶಾಪಿನ ಮಾಲೀಕರಿಗೆ ಇನ್ನೊಂದು ಶಾಪಿನವರು ದೋಸ್ತರಾಗಿರುತ್ತಾರೆ. ಸಿವಿ ಸುತ್ತಿ ಬಳಸಿ ನಿಮ್ಮ ಸಾಹೇಬರ ಟೇಬಲ್ಲಿಗೇ ಬಂದರೆ ‘ಏನಪಾ, ಹೊಂಟೀಯಂತ?’ ಎಂಬ ಮಾತು ಆಫರ್ ಬರುವುದಕ್ಕಿಂತ ಮೊದಲೇ ಕೇಳಬೇಕಾಗುತ್ತದೆ.

ಕಂಪನಿ ಹೆಸರೂ ಸೇರಿ ನಾಲ್ಕರಲ್ಲಿ ಮೂರಕ್ಕೆ ನೇರ ಉತ್ತರ ಬಂದರೆ ಸಿವಿಯನ್ನು ಪಿಡಿಎಫ್ ಮಾಡಿ ಕಳಿಸಿ. ಉತ್ತರ ಬಾರದೆ ‘ಮೊದಲು ಸಿವಿ ಕಳಿಸಿ, ಆಮೇಲೆ ಹೇಳುತ್ತೇವೆ’ ಎಂದಷ್ಟೇ ಬಂದರೆ ಇನ್ನೊಮ್ಮೆ ಕಂಪನಿ ಹೆಸರನ್ನು ಮಾತ್ರ ಕೇಳಿ. ಎರಡನೇ ಸಲವೂ ಹೇಳದಿದ್ದರೆ ಅಲ್ಲಿ ಹುದ್ದೆಯೇ ಇಲ್ಲದೆ ಬರೀ ಸಿವಿ ಕೂಡಿಹಾಕುತ್ತಿರುವ ಸಾಧ್ಯತೆಯೇ ಹೆಚ್ಚು. ಆ ಚಾಟ್ ಅಲ್ಲಿಗೇ ಬಿಡಿ.