ನೌಕರರನ್ನು ಕೆಲಸದ ಮೇಲೆ ವಿದೇಶಕ್ಕೆ ಕಳಿಸುತ್ತೀರಾ? ಕಂಪನಿಯ ಪತ್ರ ಹೀಗಿರಲಿ

ಸೀತಾಂಗೋಳಿ ಕಡೆಯ ಒಂದು ಸಣ್ಣ ತೆಂಗಿನೆಣ್ಣೆ ಕಾರ್ಖಾನೆಯವರು ಜರ್ಮನಿಯಿಂದ ಬಾಟಲಿ ತುಂಬುವ ಯಂತ್ರ ಕೊಂಡರು. ಯಂತ್ರ ಹಡಗು ಹತ್ತುವ ಮೊದಲು ಅಲ್ಲಿಗೇ ಹೋಗಿ ಅದನ್ನು ಓಡಿಸಿ ನೋಡಬೇಕು, ನಡೆಸುವುದನ್ನು ಕಲಿತು ಬರಬೇಕು. ಇದಕ್ಕಾಗಿ ತಮ್ಮ ಇಂಜಿನಿಯರ್ ಹುಡುಗನನ್ನು ಕಳಿಸಲು ಹೊರಟರು. ವೀಸಾ ಸಿಗಲಿಲ್ಲ. ನಿರಾಕರಣೆಯ ಕಾಗದದಲ್ಲಿ ಗುರುತು ಹಾಕಿದ್ದ ಕಾರಣ ಇಷ್ಟೇ: ಪ್ರಯಾಣದ ಉದ್ದೇಶಕ್ಕೆ ಮತ್ತು ಅಲ್ಲಿ ಉಳಿಯುವ ವ್ಯವಸ್ಥೆಗೆ ಸರಿಯಾದ ಸಮರ್ಥನೆ ಇಲ್ಲ.

ಆ ಕಾರ್ಖಾನೆಯ ಲೆಕ್ಕಪತ್ರ ನೋಡುವವನು ನಾನು. ಎರಡನೇ ಸಲ ಅರ್ಜಿ ಹಾಕುವಾಗ ಫೈಲು ನನ್ನ ಕೈಗೆ ಬಂತು. ತೆರೆದು ನೋಡಿದರೆ ಹುಡುಗನ ತಪ್ಪು ಕಡಿಮೆ, ಕಂಪನಿ ಕೊಟ್ಟ ಪತ್ರದ ತಪ್ಪೇ ಜಾಸ್ತಿ. ಅದರಲ್ಲಿ ಇದ್ದದ್ದು ಎರಡೇ ವಾಕ್ಯ: 'ಇವರು ವ್ಯವಹಾರದ ಕೆಲಸಕ್ಕಾಗಿ 10 ದಿನ ಜರ್ಮನಿಗೆ ಹೋಗುತ್ತಿದ್ದಾರೆ. ಎಲ್ಲ ಖರ್ಚು ಕಂಪನಿಯದು.' ಜರ್ಮನಿಯ ಕಂಪನಿಯ ಆಹ್ವಾನ ಪತ್ರದಲ್ಲಿ 'ಹೋಟೆಲ್ ಖರ್ಚು ನಮ್ಮದು' ಎಂದಿತ್ತು. ವೀಸಾ ಫಾರಂನಲ್ಲಿ ಹುಡುಗ 'ಖರ್ಚು ನನ್ನದೇ' ಎಂಬ ಚೌಕಕ್ಕೆ ಗುರುತು ಹಾಕಿದ್ದ. ಒಂದೇ ಪ್ರಯಾಣ, ಮೂರು ಕಾಗದ, ಮೂರು ಕತೆ. ಓದುವ ಅಧಿಕಾರಿ ಯಾವುದನ್ನು ನಂಬಬೇಕು?

ಜರ್ಮನಿಯೂ ಸೇರಿ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆ ದೇಶಗಳ ಫಾರಂ ಬೇರೆ ಇರುತ್ತದೆ. ಆದರೆ ಏಕೆ ಹೋಗುತ್ತಾರೆ, ಎಷ್ಟು ದಿನ, ದುಡ್ಡು ಯಾರದು ಎಂದು ಎಲ್ಲರೂ ಕೇಳುತ್ತಾರೆ.

ಆಹ್ವಾನ ಪತ್ರ ಬಂದ ಮೇಲೆ ಬರೆಯಿರಿ

ನಮ್ಮ ಪತ್ರವನ್ನು ಮೊದಲೇ ಬರೆದಿಟ್ಟುಕೊಳ್ಳಬೇಡಿ. ಆ ಕಡೆಯ ಕಂಪನಿಯ ಆಹ್ವಾನ ಪತ್ರ ಮೊದಲು ಕೈಗೆ ಬರಲಿ. ಅದರಲ್ಲಿ ಯಾವ ತಾರೀಕು ಇದೆ, ಯಾವ ಖರ್ಚು ತಮ್ಮದು ಎಂದಿದ್ದಾರೆ, ನೌಕರನ ಹೆಸರನ್ನು ಹೇಗೆ ಬರೆದಿದ್ದಾರೆ, ಇದನ್ನೆಲ್ಲ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ. ಆಮೇಲೆ ನಮ್ಮ ಪತ್ರ ಬರೆಯಲು ಕೂರಿ.

ಹಾಗಂತ ತಡ ಮಾಡುವಂತಿಲ್ಲ. ಷೆಂಗೆನ್ ವೀಸಾ ಅರ್ಜಿಯನ್ನು ಹೊರಡುವ 6 ತಿಂಗಳು ಮೊದಲಿನಿಂದ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಎರಡು ತಿಂಗಳು ಕೈಯಲ್ಲಿಟ್ಟುಕೊಂಡರೆ ಒಳ್ಳೆಯದು.

ಪತ್ರ ಇಂಗ್ಲಿಷಿನಲ್ಲಿ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಇರಬೇಕು. ವಿಳಾಸ, ಫೋನ್, ಇಮೇಲ್, ಜಿಎಸ್‌ಟಿ ನಂಬರ್ ಇರಲಿ. ಕೊಟ್ಟ ನಂಬರಿಗೆ ಫೋನ್ ಬಂದರೆ ಎತ್ತುವವರಿಗೆ ವಿಷಯ ಗೊತ್ತಿರಲಿ. 'ಯಾರು? ಜರ್ಮನಿಗಾ? ನನಗೆ ಗೊತ್ತಿಲ್ಲಪ್ಪ' ಎಂದರೆ ಕೆಲಸ ಕೆಟ್ಟಿತು.

ಸಹಿ ಮಾಲೀಕರದ್ದು, ಪಾಲುದಾರರದ್ದು ಅಥವಾ ಅಧಿಕಾರ ಇರುವ ಮ್ಯಾನೇಜರದ್ದು. ಸಹಿಯ ಕೆಳಗೆ ಹೆಸರು ಮತ್ತು ಹುದ್ದೆ ಬೇಕು. ಹೊರಡುವವರು ತಾವೇ ಪಾಲುದಾರರಾಗಿದ್ದರೆ ತಮ್ಮ ಪತ್ರಕ್ಕೆ ತಾವೇ ಸಹಿ ಹಾಕಬಾರದು, ಇನ್ನೊಬ್ಬ ಪಾಲುದಾರರು ಹಾಕಲಿ.

ಹೆಸರು ಮತ್ತು ಸಂಬಳ

ನಮ್ಮ ಕಾಸರಗೋಡಿನವರಿಗೆ ಹೆಸರಿನ ಗೋಜಲು ಸ್ವಲ್ಪ ಜಾಸ್ತಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಇನಿಶಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿಕೊಂಡು ಅಪ್ಪನ ಹೆಸರೋ ಮನೆ ಹೆಸರೋ ಆಗಿರುತ್ತದೆ. ಒಂದು ಕಡೆ ಕೃಷ್ಣ, ಇನ್ನೊಂದು ಕಡೆ ಕೃಷ್ಣನ್. ಆಫೀಸಿನ ರಿಜಿಸ್ಟರಿನಲ್ಲಿ ಕರೆಯುವ ಹೆಸರು. ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅದೇ ಅಕ್ಷರಗಳಲ್ಲಿ ಬರೆಯಿರಿ. ಪಕ್ಕದಲ್ಲೇ ಪಾಸ್‌ಪೋರ್ಟ್ ನಂಬರ್ ಹಾಕಿ.

ಆಮೇಲೆ ಹುದ್ದೆ, ಕೆಲಸಕ್ಕೆ ಸೇರಿದ ತಾರೀಕು, ತಿಂಗಳ ಸಂಬಳ. ಸಂಬಳದ ವಿಷಯದಲ್ಲಿ ಸಣ್ಣ ಕಂಪನಿಗಳು ಎಡವುವುದು ಇಲ್ಲಿ: ಸ್ವಲ್ಪ ಬ್ಯಾಂಕಿಗೆ ಹಾಕುತ್ತಾರೆ, ಉಳಿದದ್ದು ಕೈಗೆ ಕೊಡುತ್ತಾರೆ. ಪತ್ರದಲ್ಲಿ 38,000 ರೂಪಾಯಿ, ಪಾಸ್‌ಬುಕ್ಕಿನಲ್ಲಿ 25,000. ಪತ್ರದ ಜೊತೆ ಸಂಬಳದ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಹೋಗುತ್ತದಲ್ವಾ? ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡುವವರಿಗೆ ಈ ವ್ಯತ್ಯಾಸ ಕೂಡಲೇ ಕಾಣುತ್ತದೆ. ದಾಖಲೆಯಲ್ಲಿ ತೋರಿಸಬಹುದಾದ ಮೊತ್ತವನ್ನೇ ಬರೆಯಿರಿ. ಚಂದ ಕಾಣಲಿ ಅಂತ ಏರಿಸಿದರೆ ಉಳಿದ ನಿಜವನ್ನೂ ನಂಬುವುದಿಲ್ಲ.

ಉದ್ದೇಶ: ಏನು ಮಾಡಲು ಹೋಗುತ್ತಾರೆ?

'ಬಿಸಿನೆಸ್ ಪರ್ಪಸ್' ಎಂದರೆ ಏನೂ ಹೇಳಿದಂತಾಗುವುದಿಲ್ಲ. ಬಿಸಿನೆಸ್ ವೀಸಾದಲ್ಲಿ ಅಲ್ಲಿ ಹೋಗಿ ನೌಕರಿ ಮಾಡುವಂತಿಲ್ಲ. ಆದ್ದರಿಂದ ಓದುವವರಿಗೆ ಇರುವ ಮುಖ್ಯ ಅನುಮಾನವೇ ಅದು. ನಮ್ಮ ಇಂಜಿನಿಯರ್ ವಿಷಯದಲ್ಲಿ ಈ ಅನುಮಾನ ಇನ್ನೂ ಹೆಚ್ಚು, ಏಕೆಂದರೆ ಅವನು ಮೀಟಿಂಗಿಗೆ ಹೋಗುತ್ತಿಲ್ಲ, ಕಾರ್ಖಾನೆಯ ಒಳಗೆ ಯಂತ್ರದ ಮುಂದೆ ನಿಲ್ಲುತ್ತಾನೆ. ಬರೀ 'ಟ್ರೈನಿಂಗ್' ಎಂದರೆ ಅಲ್ಲೇ ಕೆಲಸ ಕಲಿಯುತ್ತಾ ದುಡಿಯುತ್ತಾನೋ ಏನೋ ಅನಿಸಬಹುದು.

ಜರ್ಮನಿಯ ನಿಯಮದಲ್ಲಿ ಇಂಥವರಿಗೆ ಜಾಗ ಇದೆ. ವಿದೇಶದ ಕಂಪನಿಯೊಂದು ತಾನು ಕೊಂಡ ಯಂತ್ರವನ್ನು ಪರೀಕ್ಷಿಸಿ ಒಪ್ಪಿಕೊಳ್ಳಲು, ಅಥವಾ ಅದನ್ನು ನಡೆಸುವುದನ್ನು ಕಲಿಯಲು ತನ್ನ ನೌಕರನನ್ನು ಸ್ವಲ್ಪ ಕಾಲಕ್ಕೆ ಕಳಿಸಬಹುದು. ಹಾಗಾದರೆ ಪತ್ರದಲ್ಲೂ ಅದನ್ನೇ ಹೇಳಬೇಕು. ಎರಡನೇ ಸಲ ನಾವು ಬರೆದ ಪ್ಯಾರಾದ ಕನ್ನಡ ರೂಪ ಇದು:

'ಈ ವರ್ಷ ನಿಮ್ಮ ದೇಶದ ಇಂಥ ಕಂಪನಿಯಿಂದ, ಇಂಥ ನಂಬರಿನ ಆರ್ಡರ್ ಮೂಲಕ, ಎಣ್ಣೆ ತುಂಬುವ ಒಂದು ಯಂತ್ರ ಕೊಂಡಿದ್ದೇವೆ. ಸಾಗಿಸುವ ಮೊದಲು ಅವರ ಕಾರ್ಖಾನೆಯಲ್ಲಿ ಅದರ ಫ್ಯಾಕ್ಟರಿ ಆಕ್ಸೆಪ್ಟೆನ್ಸ್ ಟೆಸ್ಟ್ ನಡೆಯುತ್ತದೆ. ನಮ್ಮ ಪರವಾಗಿ ಇವರು ಹಾಜರಿದ್ದು, ಆಮೇಲೆ ಯಂತ್ರ ನಡೆಸುವ ಕ್ರಮವನ್ನು ತಿಳಿದುಕೊಂಡು ಬರುತ್ತಾರೆ. ಅಲ್ಲಿರುವಷ್ಟೂ ದಿನ ಇವರು ನಮ್ಮ ನೌಕರರೇ, ಸಂಬಳ ನಾವೇ ಕೊಡುತ್ತೇವೆ. ಆ ಕಂಪನಿಗಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ.'

ಇದರ ಜೊತೆ ಆರ್ಡರಿನ ಪ್ರತಿ ಮತ್ತು ಮುಂಗಡ ಕೊಟ್ಟ ಬ್ಯಾಂಕ್ ದಾಖಲೆಯನ್ನು ಲಗತ್ತಿಸಿದೆವು. ಮೊದಲ ಸಲ ಈ ಎರಡೂ ಇರಲಿಲ್ಲ. ಯಂತ್ರ ಕೊಂಡದ್ದು ನಿಜ ಎಂದು ತೋರಿಸಲು ಇದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ.

ದಿನಗಳ ಲೆಕ್ಕ

'10 ದಿನ' ಎನ್ನುವ ಬದಲು ತಾರೀಕು ಹಾಕಿ. ಹುಡುಗ ಮಂಗಳೂರಿನಿಂದ ಹೊರಡುವುದು ಜೂನ್ 8ರ ಸಂಜೆ. ದುಬೈಯಲ್ಲಿ ವಿಮಾನ ಬದಲಿಸಿ ಫ್ರಾಂಕ್‌ಫರ್ಟ್ ತಲುಪುವುದು 9ಕ್ಕೆ. ವಾಪಸು ಹೊರಡುವುದು 17ರ ರಾತ್ರಿ, ಊರು ಸೇರುವುದು 18ಕ್ಕೆ. ಮನೆಯ ಲೆಕ್ಕದಲ್ಲಿ ಇದು 11 ದಿನ. ಷೆಂಗೆನ್ ಲೆಕ್ಕದಲ್ಲಿ 9ರಿಂದ 17ರವರೆಗೆ, ಅಂದರೆ 9 ದಿನ. ಒಳಗೆ ಹೋದ ದಿನವೂ ಹೊರಗೆ ಬಂದ ದಿನವೂ ಎಣಿಕೆಗೆ ಸೇರುತ್ತದೆ. ಫಾರಂ, ಆಹ್ವಾನ ಪತ್ರ, ಟಿಕೆಟ್, ಹೋಟೆಲ್, ವಿಮೆ ಎಲ್ಲದರಲ್ಲೂ ಈ 9 ದಿನ ಹೊಂದಬೇಕು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಅಲ್ಲಿರುವ ಪೂರ್ತಿ ಅವಧಿಗೆ ಇರಬೇಕು.

ನಡುವೆ ಶನಿವಾರ, ಭಾನುವಾರ ಬಂತು. ಮೊದಲ ಸಲ ಇದನ್ನು ಯಾರೂ ಯೋಚಿಸಿರಲಿಲ್ಲ. ಕಾರ್ಖಾನೆಗೆ ರಜೆ, ಹಾಗಾದರೆ ಆ ಎರಡು ದಿನ ಹುಡುಗ ಎಲ್ಲಿ? ಪತ್ರದಲ್ಲಿ ಒಂದು ಸಾಲು ಸೇರಿಸಿದೆವು: 10ರಿಂದ 12 ಪರೀಕ್ಷೆ, 13 ಮತ್ತು 14 ವಾರದ ರಜೆ, ಅದೇ ಊರಿನಲ್ಲಿ ವಾಸ, 15 ಮತ್ತು 16 ಯಂತ್ರ ನಡೆಸುವ ಕಲಿಕೆ, 17 ವಾಪಸು ಪ್ರಯಾಣ. ಕೊನೆಯಲ್ಲಿ '19ರಂದು ಕೆಲಸಕ್ಕೆ ಹಾಜರಾಗುತ್ತಾರೆ, ಅವರ ಹುದ್ದೆ ಹಾಗೇ ಇರುತ್ತದೆ' ಎಂದು.

ಖರ್ಚು: ಒಂದೊಂದನ್ನೂ ಬಿಡಿಸಿ ಬರೆಯಿರಿ

ಮಾಲೀಕರು ಕೇಳಿದರು, "ಖರ್ಚೆಲ್ಲ ನಮ್ಮದೇ ಅಂತ ಒಂದು ಗೆರೆ ಸಾಕಲ್ವಾ ಮಾರಾಯ್ರೆ?" ಸಾಕಾಗುವುದು ಖರ್ಚು ನಿಜವಾಗಿ ಎಲ್ಲ ನಮ್ಮದೇ ಆಗಿದ್ದಾಗ ಮಾತ್ರ. ಇಲ್ಲಿ ಎರಡು ಕೈಗಳಿದ್ದವು.

ಜರ್ಮನಿಯವರು ಹೋಟೆಲ್ ತಮ್ಮದು ಎಂದಿದ್ದರು. ಕೇಳಿ ನೋಡಿದಾಗ ಅದು ಕೆಲಸದ ದಿನಗಳಿಗೆ ಮಾತ್ರ ಎಂದು ಗೊತ್ತಾಯಿತು. ಒಟ್ಟು 8 ರಾತ್ರಿ. ಅದರಲ್ಲಿ 6 ರಾತ್ರಿ ಅವರದ್ದು. ಶುಕ್ರವಾರ ಮತ್ತು ಶನಿವಾರದ ರಾತ್ರಿ ಯಾರದ್ದೂ ಅಲ್ಲದೆ ತೇಲುತ್ತಿತ್ತು! ಆ ಎರಡನ್ನು ಇಲ್ಲಿನ ಕಂಪನಿ ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಿತು. ಪತ್ರದಲ್ಲಿ ಹೀಗೆ ಬರೆದೆವು: ವಿಮಾನ ಟಿಕೆಟ್, ವೀಸಾ ಶುಲ್ಕ, ವಿಮೆ, ಜೂನ್ 12 ಮತ್ತು 13ರ ಹೋಟೆಲ್, ದಿನಕ್ಕೆ 50 ಯೂರೋ ಭತ್ಯೆಯಂತೆ 9 ದಿನಕ್ಕೆ 450 ಯೂರೋ ನಮ್ಮದು. ಉಳಿದ 6 ರಾತ್ರಿಯ ಹೋಟೆಲ್ ಮತ್ತು ಕಾರ್ಖಾನೆಗೆ ಹೋಗಿ ಬರುವ ವಾಹನ, ಇಂಥ ತಾರೀಕಿನ ಆಹ್ವಾನ ಪತ್ರದಲ್ಲಿ ಹೇಳಿದಂತೆ, ಆ ಕಂಪನಿಯದು. ನೌಕರನ ಮೇಲೆ ಯಾವ ಖರ್ಚೂ ಇಲ್ಲ.

ಫಾರಂನಲ್ಲೂ ತಿದ್ದಿದೆವು. ಖರ್ಚಿನ ಪ್ರಶ್ನೆಯಲ್ಲಿ 'ಅರ್ಜಿದಾರರೇ' ಎಂಬುದನ್ನು ಬಿಟ್ಟು 'ಪ್ರಾಯೋಜಕರು' ಎಂಬ ಕಡೆ ಗುರುತು ಹಾಕಿ ಎರಡೂ ಕಂಪನಿಗಳ ಹೆಸರು ಬರೆದೆವು. ಮೊದಲ ಅರ್ಜಿಗೆ ಕಟ್ಟಿದ್ದ ಶುಲ್ಕ ವಾಪಸು ಬರುವುದಿಲ್ಲ. 90 ಯೂರೋ ಮತ್ತೆ ಕಟ್ಟಬೇಕಾಯಿತು. ಕಂಪನಿಯೇ ಕಟ್ಟಿತು, ಅದು ಸರಿಯೂ ಹೌದು. ಮೊದಲ ನಿರಾಕರಣೆಯನ್ನು ಮುಚ್ಚಿಡದೆ, 'ಹಿಂದಿನ ಪತ್ರದಲ್ಲಿ ವಿವರ ಕಡಿಮೆ ಇತ್ತು, ಈಗ ಸೇರಿಸಿದ್ದೇವೆ' ಎಂದು ಪತ್ರದಲ್ಲೇ ಒಂದು ಸಾಲು ಹಾಕಿದೆವು. ಈ ಸಲ ವೀಸಾ ಬಂತು.

ಸಹಿ ಹಾಕಿದ ಪತ್ರದ ಎರಡು ಪ್ರತಿ ಜಾಸ್ತಿ ಮಾಡಿಸಿ. ಒಂದು ಬ್ಯಾಂಕಿಗೆ. ಕಂಪನಿಯೇ ಖರ್ಚು ಹೊತ್ತು ನೌಕರನನ್ನು ಕಳಿಸಿದಾಗ, ಆ ವಿದೇಶಿ ಹಣ ನೌಕರನ ಸ್ವಂತ ಎಲ್‌ಆರ್‌ಎಸ್ ಮಿತಿಯ, ಅಂದರೆ ಒಬ್ಬ ವ್ಯಕ್ತಿ ವರ್ಷಕ್ಕೆ ವಿದೇಶಕ್ಕೆ ಕಳಿಸುವ ಹಣಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ ಮಿತಿಯ, ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಭತ್ಯೆಯ ದುಡ್ಡು ಕಂಪನಿಯ ಖಾತೆಯಿಂದಲೇ ಫಾರೆಕ್ಸ್ ಕಾರ್ಡಿಗೆ ಹೋಗಲಿ.

ಇನ್ನೊಂದು ಪ್ರತಿ ಪ್ರಯಾಣಿಕರ ಕೈಚೀಲದಲ್ಲಿರಲಿ, ಲಗೇಜಿನ ಪೆಟ್ಟಿಗೆಯಲ್ಲಿ ಅಲ್ಲ. ವೀಸಾ ಇದ್ದರೂ ಗಡಿಯಲ್ಲಿ ಮತ್ತೆ ಕೇಳಬಹುದು. ಫ್ರಾಂಕ್‌ಫರ್ಟಿನಲ್ಲಿ ನಮ್ಮ ಹುಡುಗನನ್ನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ದಿನ, ಹೋಟೆಲ್ ದುಡ್ಡು ಯಾರು ಕೊಡುತ್ತಾರೆ? ಅವನು ಪತ್ರ ತೆಗೆದು ಖರ್ಚಿನ ಪ್ಯಾರಾದ ಮೇಲೆ ಬೆರಳಿಟ್ಟು ತೋರಿಸಿದ. ಅಧಿಕಾರಿ ಓದಿ ಪಾಸ್‌ಪೋರ್ಟ್ ವಾಪಸು ಕೊಟ್ಟರು.