ಎರಡೂ ಕಡೆ ವಾಲಿದ ಗೆರೆಗೆ ಒಂಬತ್ತು ಚೌಕ: ನನ್ನ ಅನುಭವ

"ಮಾಷ್ಟ್ರೇ, ಹಾಳೆ ನೋಡಿ ಯಾರಾದರೂ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿತದ್ದು ಉಂಟಾ?" ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಈಗ ಹೇಳುತ್ತೇನೆ, ಉಂಟು.

ನಮ್ಮ ಕಾಸರಗೋಡಿನ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಡಿಪ್ಲೊಮಾಕ್ಕೆ ಬರುತ್ತಾರೆ. ಪಾಠ ಇಂಗ್ಲಿಷು, ವಿವರಣೆ ಮಲಯಾಳ. ಎಚ್‌ಪಿ ಅಂದರೆ ನೆಲದ ಹಾಗೆ ಮಲಗಿದ ಸಮತಲ, ವಿಪಿ ಅಂದರೆ ಗೋಡೆಯ ಹಾಗೆ ನಿಂತ ಸಮತಲ; ಈ ಎರಡಕ್ಕೂ ವಾಲಿದ ಗೆರೆ ಬಂದಾಗ ಕೈ ನಿಂತುಬಿಡುತ್ತದೆ. ಹಾಗಾಗಿ ಮಕ್ಕಳು ತಾವೇ ನೋಡಿ ಕಲಿಯುವ ಹಾಳೆಗೆ ಅದನ್ನೇ ಮೊದಲು ಹಿಡಿದೆ.

ಮೊದಲ ಹಾಳೆಯಲ್ಲಿ ಪೂರ್ತಿ ಚಿತ್ರ ಹಾಕಿ ಪಕ್ಕದಲ್ಲಿ ಹಂತಗಳನ್ನು ಬರೆದೆ. ಮಕ್ಕಳು ಹಂತ ಓದಲೇ ಇಲ್ಲ. ಡಿವೈಡರ್‌ನಲ್ಲಿ ಅಳೆದು ಚಿತ್ರವನ್ನು ನಕಲು ಮಾಡಿದರು. ಆಮೇಲೆ ಒಂಬತ್ತು ಚೌಕ ಮಾಡಿದೆ. ಒಂದು ಚೌಕಕ್ಕೆ ಒಂದೇ ಹೊಸ ಗೆರೆ ದಪ್ಪ, ಹಳೆಯವು ತೆಳು. ಚಿತ್ರ ಬೇಕೆಂದೇ ಅಳತೆ ತಪ್ಪಿಸಿದ್ದು, ನಕಲು ಮಾಡಿದರೆ ಉತ್ತರ ಬರುವುದಿಲ್ಲ. ಆದರೆ ತೆಳು ಗೆರೆಗಳನ್ನು 2ಎಚ್ ಪೆನ್ಸಿಲಿನಲ್ಲಿ ಎಳೆದಿದ್ದೆ. ಜೆರಾಕ್ಸ್‌ನಲ್ಲಿ ಎಲ್ಲ ಮಾಯ! ಸುಮಾರು ಇನ್ನೂರು ಪ್ರತಿ, ಮುನ್ನೂರು ರೂಪಾಯಿ ಹೋಯಿತು. ಈಗ ತೆಳುವಿಗೆ 0.1 ಪೆನ್ನು, ದಪ್ಪಕ್ಕೆ 0.5. ಕಲರ್ ಪ್ರಿಂಟ್ ಬೇಕಿಲ್ಲ.

ಇನ್ನೊಂದು ಪೆಟ್ಟು ಅಂಕಿಯದ್ದು. 75 ಮಿ.ಮೀ. ಗೆರೆ, ಎಚ್‌ಪಿಗೆ 30, ವಿಪಿಗೆ 45 ಡಿಗ್ರಿ ಕೊಟ್ಟಿದ್ದೆ. ಅದರಲ್ಲಿ ಫ್ರಂಟ್ ವ್ಯೂನ ತೋರಿಕೆಯ ಕೋನವೂ ಸರಿಯಾಗಿ 45 ಬರುತ್ತದೆ. ವಿಪಿಗಿರುವ ಕೋನವನ್ನು ಸುಮ್ನೆ ಫ್ರಂಟ್ ವ್ಯೂನಲ್ಲಿ ಇಟ್ಟವನಿಗೂ ಉತ್ತರ ಸರಿ! ತಪ್ಪು ತಿಳಿವಳಿಕೆ ಅವನಲ್ಲೇ ಉಳಿಯಿತು. ಈಗ ಎಚ್‌ಪಿಗೆ 40, ವಿಪಿಗೆ 35 ಕೊಡುತ್ತೇನೆ. ತೋರಿಕೆಯ ಕೋನ 52ರ ಹತ್ತಿರ ಬರುತ್ತದೆ, ಹಾಗೆ ಸುಮ್ನೆ ಇಟ್ಟವನು ಸಿಕ್ಕಿಬೀಳುತ್ತಾನೆ.

ಮುಖ್ಯ ಸಂಗತಿ ಚೌಕದ ಕೆಳಗಿನ ತಪಾಸಣೆ. ಫ್ರಂಟ್ ವ್ಯೂನಲ್ಲಿ 40 ಡಿಗ್ರಿಗೆ 75 ಎಳೆದು, ಆ ತುದಿಯನ್ನು ಕೆಳಗೆ, ಟಾಪ್ ವ್ಯೂನಲ್ಲಿ ಗೆರೆಯ ಎ ತುದಿಯ ಅಡ್ಡಗೆರೆಗೆ ಇಳಿಸಿದಾಗ ಟಾಪ್ ವ್ಯೂನ ಉದ್ದ 57 ಅಥವಾ 58 ಬರಬೇಕು. ಹಾಗೆಯೇ ಟಾಪ್ ವ್ಯೂನಲ್ಲಿ 35 ಡಿಗ್ರಿಗೆ ಎಳೆದದ್ದನ್ನು ಮೇಲೆ ಏರಿಸಿದರೆ ಫ್ರಂಟ್ ವ್ಯೂ ಉದ್ದ 61ರ ಆಸುಪಾಸು. ಬಾರದಿದ್ದರೆ ಹಿಂದಿನ ಚೌಕಕ್ಕೆ ಹೋಗಬೇಕು. ಕೊನೆಗೆ ಕಂಪಾಸಿನಿಂದ ಇವೆರಡನ್ನೂ ತಿರುಗಿಸಿ ಬಿ ತುದಿಯ ಲೋಕಸ್‌ಗಳನ್ನು, ಅಂದರೆ ಅದು ಇರಬೇಕಾದ ಅಡ್ಡಗೆರೆಗಳನ್ನು, ಕಡಿದಾಗ, ಎರಡು ಬಿಂದುಗಳು ಒಂದೇ ಪ್ರೊಜೆಕ್ಟರ್, ಅಂದರೆ ಎರಡು ವ್ಯೂಗಳನ್ನು ಜೋಡಿಸುವ ಒಂದೇ ನೆಟ್ಟಗೆರೆಯ ಮೇಲೆ ಬೀಳಬೇಕು. ಎ, ಬಿ ಪ್ರೊಜೆಕ್ಟರ್‌ಗಳ ನಡುವೆ 38 ಮಿ.ಮೀ. ಬಿಂದುಗಳು ಅಡ್ಡಕ್ಕೆ ಸರಿದಿದ್ದರೆ ಹೆಚ್ಚಾಗಿ ಕಂಪಾಸಿನ ಮುಳ್ಳನ್ನು ತಪ್ಪು ವ್ಯೂನ ಎ ಮೇಲೆ ಇಟ್ಟಿರುತ್ತಾರೆ. ಇದನ್ನು ಹಾಳೆಯಲ್ಲೇ ಬರೆದಿದ್ದೇನೆ.

ನಡುವೆ ಟ್ರೇಸಿಂಗ್ ಪೇಪರ್ ಪದರ ಹಾಕಿ ನೋಡಿದೆ. ಚೆಂದ ಇತ್ತು, ಆದರೆ ಮಳೆಗಾಲದಲ್ಲಿ ಸುರುಟಿಕೊಂಡಿತು, ಬಿಟ್ಟೆ. ರಟ್ಟು ಮಡಚಿ ಎಚ್‌ಪಿ, ವಿಪಿ ಮಾಡಿ ಒಳಗೆ ಹಿಡಿಸೂಡಿ ಕಡ್ಡಿ ಚುಚ್ಚಿದ್ದು ಮಾತ್ರ ಈಗಲೂ ಉಂಟು.

ಆರನೇ ಚೌಕದಲ್ಲಿ ಏನನ್ನು ಬೇಕೆಂದೇ ಖಾಲಿ ಬಿಡುತ್ತೇನೆ ಎಂಬುದು ನನ್ನಲ್ಲೇ ಇರಲಿ. ಕಳೆದ ಬ್ಯಾಚಿನ ನಲವತ್ತು ಚಿಲ್ಲರೆ ಮಕ್ಕಳಲ್ಲಿ ಮೂವತ್ತಕ್ಕಿಂತ ಜಾಸ್ತಿ ಮಂದಿ ಮನೆಯಲ್ಲೇ ಮುಗಿಸಿ ತಂದರು. ಪೆರ್ಲದ ಹುಡುಗಿಯೊಬ್ಬಳು ಮರುದಿನ ಬಂದವಳೇ, "ಸಾರ್, ನನಗೆ 38 ಬಂತು" ಅಂದಳು. ಆ ಹಾಳೆಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟೆ.